ಅಧ್ಯಕ್ಷರ ಸಹಿ ತಡವಾದ ಕಾರಣ

ನಮ್ಮ ಠೇಕೇದಾರರಿಗೆ ಕಾಗದಪತ್ರ ಅಂದರೆ ಆಗದು. ಬನಾರಸಿನ ಗಲ್ಲಿಗಳಲ್ಲಿ ಅರ್ಧ ಆಯುಷ್ಯ ಮನೆ ಕಟ್ಟಿಸಿದ ಗುತ್ತಿಗೆದಾರರು, ಆದರೂ ಯಾರಿಗೂ ಒಂದು ಪತ್ರ ಬರೆದವರಲ್ಲ. ದುಡ್ಡು ಬರಬೇಕಾಗಿದ್ದರೆ ಮಾಲೀಕರ ಮನೆಗೆ ಹೋಗಿ ಎದುರಿಗೆ ಕೂರುವುದು, ಬಾಯಲ್ಲಿದ್ದ ಪಾನ್ ಕರಗುವ ತನಕ ಏನೂ ಮಾತಾಡದಿರುವುದು, ಅದು ಕರಗಿದ ಮೇಲೆ 'ಹಾಂ, ತೋ?' ಅಂದರೆ 'ಹೂಂ, ಮತ್ತೆ?' ಅನ್ನುವುದು, ಇಷ್ಟೇ ಅವರ ಪತ್ರವ್ಯವಹಾರ. ಅರ್ಧ ಊರು ಆ 'ಹಾಂ, ತೋ?'ಗೆ ಹೆದರಿ ದುಡ್ಡು ಕೊಟ್ಟಿದೆ.

ನಾನು ಅವರಲ್ಲಿ ಇಂಜಿನಿಯರ್. ಗಂಡನಿಗೆ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವ ಕೆಲಸ ಸಿಕ್ಕಿ ಮೈಸೂರಿನಿಂದ ಬಂದೆವು. ಮೊದಲ ಒಂದು ವರ್ಷ ನಾನು 'ಪ್ರೊಫೆಸರ್ ಸಾಹೇಬರ ಮೇಡಂ' ಆಗಿ ಮನೆಯಲ್ಲಿ ಕೂತಿದ್ದೆ. ಕೂತು ಕೂತು ತಲೆ ಕೆಟ್ಟು ಹೋಯಿತು. ಕೆಲಸ ಕೇಳಿಕೊಂಡು ಹೋದಾಗ ಠೇಕೇದಾರರು ನನ್ನ ಸರ್ಟಿಫಿಕೇಟುಗಳನ್ನು ತೆರೆದೂ ನೋಡಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: 'ಆಪ್ ಕನ್ನಡ್ ಬೋಲ್ತೀ ಹೈಂ?' ಬೋಲ್ತೀನಿ ಅಂದೆ. 'ಕಲ್ ಸೇ ಆಯಿಯೇ', ನಾಳೆಯಿಂದಲೇ ಬನ್ನಿ ಅಂದರು.

ಯಾಕೆಂದರೆ ಅವರಿಗೆ ಆಗ ತಾನೇ ಒಂದು ಕನ್ನಡದ ಕೆಲಸ ಸಿಕ್ಕಿತ್ತು. ಹನುಮಾನ್ ಘಾಟಿನ ಹಿಂದಿನ ಗಲ್ಲಿಯಲ್ಲಿ ನಮ್ಮ ಕಡೆಯ ಯಾತ್ರಿಕರು ಇಳಿದುಕೊಳ್ಳುವ ಹಳೆಯ ಛತ್ರ. ಅದರ ಹಿಂಭಾಗದ ಕೋಣೆಗಳನ್ನೆಲ್ಲ ದುರಸ್ತಿ ಮಾಡಿ, ಪ್ರತಿ ಕೋಣೆಗೂ ಒಂದು ಬಚ್ಚಲು ಮಾಡಿಕೊಡಬೇಕಿತ್ತು. ಅಲ್ಲಿಯವರೆಗೆ ಇಡೀ ಛತ್ರಕ್ಕೆ ಅಂಗಳದ ಮೂಲೆಯಲ್ಲಿದ್ದ ಎರಡೇ ಬಚ್ಚಲು. ಬೆಳಗಿನ ಜಾವ ಅಲ್ಲಿ ನಿಲ್ಲುತ್ತಿದ್ದ ಸಾಲಿನಲ್ಲಿ ವೈರಾಗ್ಯ ತಾನಾಗಿ ಬರುತ್ತಿತ್ತು.

ಛತ್ರ ಒಂದು ಟ್ರಸ್ಟಿನದು. ಟ್ರಸ್ಟಿಗಳೆಲ್ಲ ಕರ್ನಾಟಕದ ಬೇರೆ ಬೇರೆ ಊರುಗಳಲ್ಲಿದ್ದರು. ಕಾಶಿಯಲ್ಲಿದ್ದವರು ಒಬ್ಬರೇ, ಅಧ್ಯಕ್ಷರು. ಅವರ ಮನೆತನ ತಲೆಮಾರುಗಳಿಂದ ಇಲ್ಲಿ ಯಾತ್ರಿಕರಿಗೆ ಶ್ರಾದ್ಧ, ಪಿಂಡಪ್ರದಾನ ಮಾಡಿಸುವ ಪುರೋಹಿತರದು. ಎಪ್ಪತ್ತು ದಾಟಿದ ದೊಡ್ಡ ಮೈಯ ಮನುಷ್ಯ. ಧ್ವನಿ ಎಂಥದೆಂದರೆ ಘಾಟಿನಲ್ಲಿ ಮಂತ್ರ ಶುರು ಮಾಡಿದರೆ ದೋಣಿಯವರು ಗಿರಾಕಿ ಕೂಗುವುದನ್ನು ನಿಲ್ಲಿಸುತ್ತಿದ್ದರು. ಬಚ್ಚಲು ಕಟ್ಟಿಸಬೇಕು ಅಂತ ವರ್ಷಗಟ್ಟಲೆ ಟ್ರಸ್ಟಿಗಳ ಬೆನ್ನು ಹತ್ತಿ, ಊರೂರು ತಿರುಗಿ ದೇಣಿಗೆ ತಂದವರು ಅವರೇ. ಆ ಗಲ್ಲಿಯಲ್ಲಿ ಅವರ ಮಾತು ಎರಡಾಗುತ್ತಿರಲಿಲ್ಲ. ನಾನು ಅವರನ್ನು ಮಾವ ಅನ್ನುತ್ತಿದ್ದೆ, ಅವರ ಹೆಂಡತಿಯನ್ನು ಅತ್ತೆ. ಈ ಊರಿನಲ್ಲಿ ಕನ್ನಡ ಮಾತಾಡುವವರು ಸಿಕ್ಕರೆ ಸಂಬಂಧ ತಾನಾಗಿ ಹುಟ್ಟಿಕೊಳ್ಳುತ್ತದೆ.

ಒಪ್ಪಂದದಲ್ಲಿ ಒಂದು ಷರತ್ತಿತ್ತು. ಪೈಪು, ಚರಂಡಿ, ಬಚ್ಚಲು ಇವುಗಳ ವಿವರವಾದ ನಕ್ಷೆಗಳನ್ನು ನಾವು ಮಾಡಿ ಕೊಡಬೇಕು, ಟ್ರಸ್ಟಿನ ಪರವಾಗಿ ಅಧ್ಯಕ್ಷರು ಎರಡು ವಾರದೊಳಗೆ ಒಪ್ಪಿ ಸಹಿ ಮಾಡಬೇಕು, ಸಹಿಯಿಲ್ಲದ ನಕ್ಷೆಯ ಮೇಲೆ ಕೆಲಸ ಮಾಡಕೂಡದು. ಬೆಂಗಳೂರಿನ ಆರ್ಕಿಟೆಕ್ಟ್ ಮೊದಲ ನಕ್ಷೆ ಬರೆದುಕೊಟ್ಟು ಹೋಗಿಬಿಟ್ಟಿದ್ದರು. ಪ್ರತಿ ನಕ್ಷೆಗೂ ಅವರಿಗೆ ಯಾಕೆ ದುಡ್ಡು ಸುರಿಯಬೇಕು, ಅಧ್ಯಕ್ಷರು ಅಲ್ಲೇ ಇದ್ದಾರಲ್ಲ ಅಂತ ಟ್ರಸ್ಟಿನವರ ಲೆಕ್ಕಾಚಾರ.

ಶ್ರಾವಣದಲ್ಲಿ ಗಂಗೆ ಏರಿ ಗಲ್ಲಿಗೆ ನೀರು ನುಗ್ಗಿ ಕೆಲಸ ನಿಂತಿತು. ಅದು ಪ್ರತಿ ವರ್ಷದ ಕಥೆ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನೀರಿಳಿದ ಮೇಲೆ, ಭಾದ್ರಪದದಲ್ಲಿ, ಪೈಪಿನ ನಕ್ಷೆಯನ್ನು ಸುರುಳಿ ಸುತ್ತಿ ಮಾವನ ಕೈಗೆ ಕೊಟ್ಟೆ.

ಅವರು ಬಿಡಿಸಿ ನೋಡಿದರು. ತಿರುಗಿಸಿ ನೋಡಿದರು. 'ಭೇಷ್, ಚೆನ್ನಾಗಿದೆ' ಅಂದರು. ಸಹಿ ಮಾಡಿ ಮಾವ ಅಂದೆ.

'ಇನ್ನೆರಡು ದಿನಕ್ಕೆ ಪಿತೃಪಕ್ಷ ಕಣಮ್ಮ. ಈಗ ಹೊಸ ಕೆಲಸಕ್ಕೆ ರುಜು ಹಾಕ್ತಾರೇನು? ಆಮೇಲೆ ನೋಡೋಣ.'

ಸರಿ ಅಂದೆ. ಪಿತೃಪಕ್ಷದಲ್ಲಿ ಅವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ, ದೇಶದ ಅರ್ಧ ಜನ ತಮ್ಮ ಪಿತೃಗಳನ್ನು ಹುಡುಕಿಕೊಂಡು ಇಲ್ಲಿಗೇ ಬರುತ್ತಾರೆ. ಅದು ಮುಗಿಯಿತು, ನವರಾತ್ರಿ ಬಂತು. 'ದೇವಿಪಾರಾಯಣ ಹಿಡಿದಿದೀನಿ' ಅಂದರು. ಅದು ಮುಗಿಯಿತು, ಬಚ್ಚಲಿನ ದಿಕ್ಕು ಸರಿ ಇದೆಯೋ ಇಲ್ಲವೋ ಅಂತ ವಾಸ್ತು ಬಲ್ಲವರೊಬ್ಬರಿಗೆ ತೋರಿಸಬೇಕು ಅಂದರು. ಆ ಬಲ್ಲವರು ಪ್ರಯಾಗಕ್ಕೆ ಹೋಗಿದ್ದರು. ಅವರು ಬಂದು ದಿಕ್ಕು ಸರಿ ಇದೆ ಅನ್ನುವಷ್ಟರಲ್ಲಿ ಕಾರ್ತಿಕ ಬಂದಿತ್ತು, ಘಾಟಿನ ತುಂಬ ದೀಪ, ದೀಪದ ತುಂಬ ಜನ. 'ಈ ಗದ್ದಲದಲ್ಲಿ ಹೇಗಮ್ಮ? ಹೋ ಜಾಯೇಗಾ, ಹೋ ಜಾಯೇಗಾ, ಆಗತ್ತೆ ಬಿಡು.' ಕಾರ್ತಿಕ ಕಳೆದು ಇನ್ನೇನು ಪೆನ್ನು ಕೈಗೆ ಕೊಡಬೇಕು, ಧನುರ್ಮಾಸ. ಇಲ್ಲಿಯವರು ಖರ್ಮಾಸ್ ಅನ್ನುತ್ತಾರೆ, ಶುಭಕಾರ್ಯಕ್ಕೆ ಹೆಸರೆತ್ತುವ ಹಾಗಿಲ್ಲ. ಕೊನೆಗೆ ಸಂಕ್ರಾಂತಿಯ ದಿನ ಎಳ್ಳುಬೆಲ್ಲ ಕೊಟ್ಟು, ಸಹಿಯನ್ನೂ ಕೊಟ್ಟರು.

ಅಷ್ಟರಲ್ಲಿ ನಮ್ಮ ಕಥೆ ಮುಗಿದಿತ್ತು. ನೆಲದಡಿಯ ಪೈಪು ಹಾಕದೆ ನೆಲ ಹಾಕುವಂತಿಲ್ಲ. ನೆಲ ಹಾಕದೆ ಗೋಡೆಗೆ ಟೈಲ್ಸ್ ಇಲ್ಲ, ಬಾಗಿಲಿಲ್ಲ, ಬಣ್ಣವಿಲ್ಲ. ಆ ಒಂದು ಸಹಿಗಾಗಿ ಇಡೀ ಕೆಲಸ ಕಾಲು ಮಡಿಸಿ ಕೂತಿತ್ತು. ಮಹಾಶಿವರಾತ್ರಿಯ ಹೊತ್ತಿಗೆ ಛತ್ರ ಒಪ್ಪಿಸಬೇಕು ಅಂತ ಒಪ್ಪಂದ. ತಡವಾದರೆ ವಾರಕ್ಕಿಷ್ಟು ದಂಡ ಅಂತಲೂ ಅದರಲ್ಲೇ ಬರೆದಿತ್ತು.

ಒಂದು ಕೆಲಸ ಮಾತ್ರ ನಾನು ಸರಿಯಾಗಿ ಮಾಡಿದ್ದೆ. ಅನುಮೋದನೆ ತಡವಾಗುತ್ತಿದೆ ಅಂತ ಆಗಿಂದಾಗಲೇ ಲಿಖಿತವಾಗಿ ತಿಳಿಸದಿದ್ದರೆ ಆಮೇಲೆ ಏನೂ ಕೇಳುವ ಹಾಗಿಲ್ಲ ಅಂತ ಒಪ್ಪಂದದಲ್ಲಿತ್ತು. ಅದಕ್ಕೆ ಎರಡು ವಾರ ಕಳೆದ ಕೂಡಲೇ ಒಂದು ನೋಟಿಸ್ ಬರೆದು ಮಾವನ ಮನೆಗೆ ಹೋದೆ. ಪಿತೃಪಕ್ಷದಲ್ಲಿ ಯಾವ ಕಾಗದಕ್ಕೂ ರುಜು ಇಲ್ಲ ಅಂದರು. ತಲುಪಿದೆ ಅಂತ ಬರೆದುಕೊಡುವುದಕ್ಕೂ ಇಲ್ಲವೇ ಅಂದರೆ, ಇಲ್ಲ. ಅತ್ತೆ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದರು.

'ಗ್ಯಾಸಿನವನು ಬಂದ್ರೆ ಪಿತೃಪಕ್ಷ ಅಂತ ವಾಪಸ್ ಕಳಿಸ್ತೀವಾ? ಕೊಡು ಇಲ್ಲಿ' ಅಂದು ತಾರೀಖು ಹಾಕಿ ರುಜು ಮಾಡಿಕೊಟ್ಟರು. ಮಾವ ಕಾಗದವನ್ನು ದೇವರ ಮುಂದೆ ಇಟ್ಟರು. ಅವರ ಮನೆಯಲ್ಲಿ ಬಗೆಹರಿಯದ್ದೆಲ್ಲ ದೇವರ ಮುಂದೆ ಹೋಗುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಠೇಕೇದಾರರು ಒಂದು ದಿನ ನನ್ನ ಎದುರಿಗೆ ಬಂದು ಕೂತರು. ಪಾನ್ ಹಾಕಿರಲಿಲ್ಲ. ಸುಮ್ಮನೆ ಕೂರಿಸಿದ ಕೆಲಸದವರಿಗೆ ಅವರು ಕೂಲಿ ಕೊಡುತ್ತಲೇ ಬಂದಿದ್ದರು, ಕಳಿಸಿದರೆ ಈ ಗಲ್ಲಿಯ ಕೆಲಸ ಗೊತ್ತಿರುವವರು ಮತ್ತೆ ಸಿಗುವುದಿಲ್ಲ ಅಂತ. ಬಾಡಿಗೆಗೆ ತಂದ ಕಂಬ, ಹಲಗೆಗಳಿಗೆ ಬಾಡಿಗೆ ಓಡುತ್ತಲೇ ಇತ್ತು. ಹೆಂಡತಿಯ ಬಳೆ ಬ್ಯಾಂಕಿಗೆ ಹೋಗಿತ್ತು. ಇದರ ಮೇಲೆ ದಂಡವೂ ಬಿದ್ದರೆ ಅಂಗಡಿ ಮುಚ್ಚಬೇಕು.

'ನಾನು ಪಂಡಿತ್‌ಜಿ ಎದುರು ಹೋಗಿ ಕೂತೆ, ಬಿಟಿಯಾ' ಅಂದರು ಹಿಂದಿಯಲ್ಲಿ. 'ಹಾಂ ತೋ ಅಂದೆ. ಅವರು ಪ್ರಸಾದ ಕೊಟ್ಟು ಕಳಿಸಿದರು. ನೀನು ಅದೇನೋ ಚಿಟ್ಠಿ ಬರೀಬಹುದು ಅಂತಿದ್ದೆಯಲ್ಲ, ಬರಿ.'

ಬರೆದೆ. ಮೊದಲ ಪತ್ರ ಬಹಳ ಮರ್ಯಾದಸ್ಥ ಪತ್ರ. 'ಅನಿವಾರ್ಯ ಕಾರಣಗಳಿಂದ ಅನುಮೋದನೆಗಳು ವಿಳಂಬವಾದ್ದರಿಂದ ದಯಮಾಡಿ ಕಾಲಾವಕಾಶವನ್ನೂ ಹೆಚ್ಚಿನ ವೆಚ್ಚವನ್ನೂ ನೀಡಬೇಕಾಗಿ ವಿನಂತಿ.' ಇಂಗ್ಲಿಷಿನಲ್ಲಿ ಇನ್ನೂ ಮರ್ಯಾದಸ್ಥವಾಗಿತ್ತು. ಯಾರ ಮನಸ್ಸಿಗೂ ನೋವಾಗದ ಹಾಗೆ ಬರೆದಿದ್ದೇನೆ ಅಂತ ಬೀಗುತ್ತಾ ಟ್ರಸ್ಟಿಗೆ ಮಿಂಚಂಚೆ ಮಾಡಿದೆ.

ಟ್ರಸ್ಟಿನ ಖಜಾಂಚಿ ಮೈಸೂರಿನವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಮರುದಿನವೇ ಫೋನ್ ಮಾಡಿದರು.

'ಏನಮ್ಮ ಇದು, ಮದುವೆ ಕರೆಯೋಲೆ ಥರ ಬರೆದಿದೀಯ? ಅನಿವಾರ್ಯ ಅಂದ್ರೆ ಏನು? ಯಾವ ನಕ್ಷೆ, ಯಾವತ್ತು ಕೊಟ್ರಿ, ಒಪ್ಪಂದದ ಪ್ರಕಾರ ಯಾವತ್ತು ಬರಬೇಕಿತ್ತು, ಯಾವತ್ತು ಬಂತು, ಅದರಿಂದ ಯಾವ ಕೆಲಸ ನಿಂತಿತು, ಯಾವ ಷರತ್ತಿನ ಕೆಳಗೆ ಕೇಳ್ತಿದೀರ, ಒಂದೊಂದು ಬಾಬ್ತಿಗೂ ರಸೀತಿ ಎಲ್ಲಿ? ಇದ್ಯಾವುದೂ ಇಲ್ದೆ ನಾನು ಒಂದು ದಿನಾನೂ ಕೊಡಕ್ಕಾಗಲ್ಲ. ದಂಡ ಹಿಡಿದೇ ಬಿಲ್ ಪಾಸ್ ಮಾಡ್ಬೇಕಾಗತ್ತೆ.'

ಸಿಟ್ಟು ಬಂತು. ಆದರೆ ಅವರು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ, ಅದಕ್ಕೆ ಇನ್ನೂ ಸಿಟ್ಟು ಬಂತು.

ಎರಡನೆಯ ಪತ್ರಕ್ಕೆ ಠೇಕೇದಾರರೂ ನಾನೂ ಒಂದು ವಾರ ಜಗಳವಾಡಿದೆವು. ಅವರಿಗೆ ಎಲ್ಲವನ್ನೂ ಸೇರಿಸಬೇಕು. ಪ್ರವಾಹದ ದಿನಗಳ ಖರ್ಚು ಹಾಕು ಅಂದರು. ಅದಕ್ಕೆ ದಿನ ಕೇಳಬಹುದು, ದುಡ್ಡು ಕೇಳಕ್ಕಾಗಲ್ಲ, ಗಂಗೆ ಏರಿದ್ದು ಟ್ರಸ್ಟಿನ ತಪ್ಪಲ್ಲ ಅಂದೆ. ಛಠ್ ಹಬ್ಬಕ್ಕೆ ಕೆಲಸದವರೆಲ್ಲ ಬಿಹಾರಕ್ಕೆ ಹೋಗಿದ್ದ ದಿನಗಳನ್ನೂ ಹಾಕು ಅಂದರು. ಸಹಿ ಬಂದಿದ್ದರೂ ಆ ದಿನಗಳಲ್ಲಿ ನಮ್ಮ ಕಡೆ ಜನ ಇರಲಿಲ್ಲವಲ್ಲ, ಅದರ ದುಡ್ಡು ಬೇಡ ಅಂದೆ. ತಮ್ಮ ಸ್ಕೂಟರಿನ ಪೆಟ್ರೋಲು, ರಕ್ತದೊತ್ತಡದ ಮಾತ್ರೆ ಹಾಕು ಅಂದರು. ಮಾತ್ರೆಗೆ ರಸೀತಿ ಕೂಡ ತಂದಿದ್ದರು.

'ನೀನು ನನ್ನ ಕಡೆಯೋ, ಕನ್ನಡದವರ ಕಡೆಯೋ?' ಅಂತ ಮುಖ ಊದಿಸಿಕೊಂಡರು. ನಿಮ್ಮ ಕಡೆ ಇರುವುದಕ್ಕೇ ಇದನ್ನೆಲ್ಲ ತೆಗೆಯುತ್ತಿರುವುದು, ಒಂದು ಸುಳ್ಳು ಸಿಕ್ಕಿದರೆ ಖಜಾಂಚಿ ನೂರು ನಿಜವನ್ನೂ ಹೊಡೆದು ಹಾಕುತ್ತಾರೆ ಅಂದೆ. ಕೊನೆಗೆ ಉಳಿದದ್ದು ಕಾವಲುಗಾರನ ಸಂಬಳ, ಮೇಲ್ವಿಚಾರಕನ ಸಂಬಳ, ಕಂಬ ಹಲಗೆಗಳ ಬಾಡಿಗೆ, ಕೂತವರ ಕೂಲಿ, ಆ ನಡುವೆ ಏರಿದ ಪೈಪಿನ ಬೆಲೆಯ ವ್ಯತ್ಯಾಸ. ಎಲ್ಲಕ್ಕೂ ರಸೀತಿ. ಎಲ್ಲವೂ ಸಹಿ ಬರಬೇಕಿದ್ದ ದಿನದಿಂದ ಬಂದ ದಿನದವರೆಗೆ ಮಾತ್ರ.

ಇಷ್ಟಾದ ಮೇಲೆ ಪತ್ರ ಏನೋ ಗಟ್ಟಿಯಾಯಿತು. ಆದರೆ ನನಗೆ ನಿದ್ದೆ ಹೋಯಿತು. ಯಾಕೆಂದರೆ ಆ ಪತ್ರವನ್ನು ಹೇಗೆ ಓದಿದರೂ ಒಂದೇ ಅರ್ಥ. ತಡ ಮಾಡಿದವರು ಅಧ್ಯಕ್ಷರು. ಅದರಿಂದ ಟ್ರಸ್ಟಿಗೆ ನಷ್ಟ ಮಾಡಿದವರು ಅಧ್ಯಕ್ಷರು. ಶಿವರಾತ್ರಿಗೆ ಮುಂಚೆ ಟ್ರಸ್ಟಿಗಳೆಲ್ಲ ಕಾಶಿಗೆ ಬಂದು ಸಭೆ ಸೇರುವವರಿದ್ದರು, ಅಲ್ಲಿ ಇದನ್ನು ಗಟ್ಟಿಯಾಗಿ ಓದುತ್ತಾರೆ. ದಮ್ಮಯ್ಯ ಗುಡ್ಡೆ ಹಾಕಿ ಬಚ್ಚಲಿಗೆ ದೇಣಿಗೆ ತಂದ ಮನುಷ್ಯನ ಮಾನ, ತನ್ನದೇ ಗಲ್ಲಿಯಲ್ಲಿ, ತನ್ನನ್ನು ಮಾವ ಅನ್ನುವವಳ ಪತ್ರದಿಂದ ಹೋಗಬೇಕು. ಬರೆಯದಿದ್ದರೆ ಠೇಕೇದಾರರು ಮುಳುಗುತ್ತಾರೆ. ಅತ್ತ ದರಿ ಇತ್ತ ಪುಲಿ. ಗಂಡ ಮಾತ್ರ ತಣ್ಣಗೆ, 'ಅವರಿಗೆ ಮೊದಲು ತೋರಿಸಿ ಕಳಿಸು, ಅಷ್ಟೇ' ಅಂದು ತನ್ನ ಪಾಚಿಗಳ ಕಡೆ ತಿರುಗಿಕೊಂಡ.

ಬೆಳಿಗ್ಗೆ ಘಾಟಿಗೆ ಹೋದೆ. ಮಾವ ಹಾವೇರಿ ಕಡೆಯ ಒಂದು ಕುಟುಂಬಕ್ಕೆ ಶ್ರಾದ್ಧ ಮಾಡಿಸುತ್ತಿದ್ದರು. ಯಜಮಾನರಿಗೆ ಅಜ್ಜನ ಹೆಸರೇ ನೆನಪಾಗುತ್ತಿರಲಿಲ್ಲ, ಏನೋ ಒಂದು ಹೇಳಿ ಮುಗಿಸಿ ಅನ್ನುತ್ತಿದ್ದರು. ಮಾವ ಗದರಿದರು. ಮನೆಗೆ ಫೋನ್ ಮಾಡಿಸಿ ಹೆಸರು ತರಿಸಿದ ಮೇಲೆಯೇ ಮುಂದುವರಿಸಿದ್ದು. ಎಲ್ಲ ಮುಗಿದು ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತಾಗ, ಮೊದಲ ಪತ್ರ ವಾಪಸಾದ ಕಥೆ ಹೇಳಿದೆ. ಅವರು ಹೊಟ್ಟೆ ಕುಣಿಸಿ ನಕ್ಕರು.

'ಸಂಕಲ್ಪ ಇಲ್ದೆ ಕೇಳಿದೀಯ, ಅದ್ಕೇ ಸಿಕ್ಕಿಲ್ಲ. ದೇವರನ್ನೇ ಕೇಳೋದಾದ್ರೂ ಯಾವ ದೇಶ, ಯಾವ ತಿಥಿ, ಯಾರು, ಏನು ಬೇಕು ಅಂತ ಹೇಳ್ದೆ ಕೇಳಕ್ಕಾಗತ್ತಾ? ಅನಿವಾರ್ಯ ಕಾರಣ ಅಂತೆ. ಹಾಗೆ ಪಿಂಡ ಇಟ್ರೆ ಕಾಗೆ ಕೂಡ ಬರಲ್ಲ.'

'ಅದ್ಕೇ ಈಗ ಎಲ್ಲಾ ಹಾಕಿ ಬರೆದಿದೀನಿ ಮಾವ. ಓದ್ತೀನಿ, ಕೇಳಿ' ಅಂದೆ.

ಓದಿ ಕನ್ನಡದಲ್ಲಿ ಹೇಳಿದೆ. ನಕ್ಷೆ ಕೊಟ್ಟ ದಿನ, ಸಹಿ ಬರಬೇಕಿದ್ದ ದಿನ, ಬಂದ ದಿನ. 'ಅಧ್ಯಕ್ಷರ ಅನುಮೋದನೆ' ಅನ್ನುವ ಮಾತು ಬಂದಾಗಲೆಲ್ಲ ನನ್ನ ಧ್ವನಿ ಸಣ್ಣಗಾಗುತ್ತಿತ್ತು. ನಗು ಎಲ್ಲಿ ಹೋಯಿತೋ, ಅವರು ನದಿ ನೋಡುತ್ತಾ ಕೂತರು. ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

'ಎಲ್ಲಾ ನಿಜಾನೇ' ಅಂದರು. 'ಒಂದು ಸಾಲು ಸೇರಿಸ್ತೀಯಾ? ಪಿತೃಪಕ್ಷ, ಧನುರ್ಮಾಸ, ಹಿಂಗೆ ಶಾಸ್ತ್ರದ ಕಾರಣಕ್ಕೆ ತಡ ಆಯ್ತು ಅಂತ. ಇಲ್ದಿದ್ರೆ ಮುದುಕ ಸುಮ್ನೆ ಕೂತಿದ್ದ ಅಂದ್ಕೋತಾರೆ.'

ಅಷ್ಟೇನಾ ಅನ್ನಿಸಿತು. ಮನಸ್ಸು ಹಗುರವಾಗಿ, ಅಲ್ಲೇ ಮೆಟ್ಟಿಲ ಮೇಲೆ ಫೋನಿನಲ್ಲೇ ಆ ಸಾಲು ಸೇರಿಸಿದೆ. ಅವರ ಮಾನವೂ ಉಳಿಯಿತು, ನಮ್ಮ ಅರ್ಜಿಯೂ ಉಳಿಯಿತು ಅಂದುಕೊಂಡು ಕಳಿಸಿಬಿಟ್ಟೆ. ಹೋಗುವಾಗ ಗೋದೌಲಿಯಾ ಚೌಕದಲ್ಲಿ ಲಸ್ಸಿ ಕುಡಿದೆ.

ಸಭೆ ಛತ್ರದ ಮುಂಭಾಗದ ಹಾಲಿನಲ್ಲಿ. ಐದು ಜನ ಟ್ರಸ್ಟಿಗಳು ಜಮಖಾನದ ಮೇಲೆ, ಮಂಡಿ ನೋವಿನ ಖಜಾಂಚಿ ಒಬ್ಬರೇ ಕುರ್ಚಿಯ ಮೇಲೆ. ಠೇಕೇದಾರರು ಇಸ್ತ್ರಿ ಮಾಡಿದ ಕುರ್ತಾ ಹಾಕಿಕೊಂಡು ನನ್ನ ಪಕ್ಕ ಕೂತಿದ್ದರು. ಮಾತೆಲ್ಲ ಕನ್ನಡದಲ್ಲಿ. ನಿಮಿಷಕ್ಕೊಮ್ಮೆ ನನ್ನ ಮೊಣಕೈ ತಿವಿದು 'ಕ್ಯಾ ಬೋಲೇ? ಕ್ಯಾ ಬೋಲೇ?' ಅನ್ನುತ್ತಿದ್ದರು.

ಖಜಾಂಚಿ ಪತ್ರವನ್ನು ಪೂರ್ತಿ ಓದಿದರು. 'ಈಗ ಇದು ಪತ್ರ' ಅಂದರು. ನಾನು ಉಬ್ಬಿದೆ. ರಸೀತಿಗಳನ್ನು ಒಂದೊಂದಾಗಿ ತಿರುವಿದರು. ಪ್ರವಾಹಕ್ಕೆ ದುಡ್ಡು ಕೇಳದಿದ್ದುದನ್ನು ಮೆಚ್ಚಿದರು. ಅತ್ತೆಯ ರುಜು ಇದ್ದ ನೋಟಿಸನ್ನು ಎತ್ತಿ ಹಿಡಿದು, 'ಇದು ಇಲ್ಲದಿದ್ರೆ ನಿಮ್ಮ ಅರ್ಜಿ ಇಲ್ಲೇ ಮುಗೀತಿತ್ತು' ಅಂದರು. ಬಾಗಿಲ ಹಿಂದೆ ಕಾಫಿ ಸೋಸುತ್ತಿದ್ದ ಅತ್ತೆ ಕೆಮ್ಮಿದರು.

ಆಮೇಲೆ ಖಜಾಂಚಿ ಕನ್ನಡಕ ತೆಗೆದರು.

'ಆದ್ರೆ ಈ ಒಂದು ಸಾಲು. ಪಿತೃಪಕ್ಷ, ಧನುರ್ಮಾಸ ಅಂತ ನೀವೇ ಕಾರಣ ಕೊಟ್ಟಿದೀರ. ಇವೆಲ್ಲ ಪ್ರತಿ ವರ್ಷ ಬರ್ತವೆ, ಪಂಚಾಂಗದಲ್ಲಿ ಮೊದಲೇ ಇರತ್ತೆ. ಕಾಶೀಲಿ, ಪುರೋಹಿತರು ಸಹಿ ಹಾಕೋ ಕೆಲಸ ಒಪ್ಕೊಳ್ಳೋವಾಗ ಇದು ಠೇಕೇದಾರರಿಗೆ ಗೊತ್ತಿರಲಿಲ್ವಾ? ಗೊತ್ತಿದ್ದೇ ಬೆಲೆ ಹಾಕಿರಬೇಕು. ಬೇಕಾದ್ರೆ ಸಮಯ ಕೊಡೋಣ, ದಂಡ ಬೇಡ. ದುಡ್ಡು ಯಾವ ಲೆಕ್ಕದಲ್ಲಿ ಕೊಡೋದು?'

ಉಳಿದವರು ಹೌದಲ್ಲ ಅಂತ ತಲೆ ಆಡಿಸಿದರು. ಸೌಜನ್ಯಕ್ಕೆ ಸೇರಿಸಿದ ಆ ಒಂದು ಸಾಲು ನಮ್ಮ ಅರ್ಜಿಯ ಕುತ್ತಿಗೆಗೇ ಬಿದ್ದಿತ್ತು. ಆ ಸಾಲು ಅಳಿಸಿ ಅನ್ನೋಣವೆಂದರೆ, ಹಾಗಾದರೆ ಅಧ್ಯಕ್ಷರು ಯಾಕೆ ತಡ ಮಾಡಿದರು ಅನ್ನುವ ಪ್ರಶ್ನೆ ಬರುತ್ತದೆ.

'ಕ್ಯಾ ಬೋಲೇ?' ಅಂದರು ಠೇಕೇದಾರರು.

ದಂಡ ಇಲ್ಲ, ದುಡ್ಡೂ ಇಲ್ಲ ಅಂದೆ. ಅವರು ಎರಡು ಕೈಗಳನ್ನೂ ಮೊಣಕಾಲ ಮೇಲೆ ಇಟ್ಟುಕೊಂಡು ನೆಲ ನೋಡುತ್ತಾ ಕೂತರು. ಮಾವ ಅವರನ್ನೇ ನೋಡುತ್ತಿದ್ದರು.

'ಖಜಾಂಚಿಗಳೇ, ಆ ಸಾಲು ಹೊಡೆದು ಹಾಕಿ' ಅಂದರು ಮಾವ.

'ಯಾಕೆ?'

'ಅದು ನಿಜ ಅಲ್ಲ. ನಾನೇ ಹೇಳಿ ಬರೆಸಿದ್ದು, ಇವಳ ತಪ್ಪಿಲ್ಲ. ಪಿತೃಪಕ್ಷದಲ್ಲೂ ನಾನು ಬ್ಯಾಂಕಿನ ಚೆಕ್ಕಿಗೆ ರುಜು ಹಾಕಿದೀನಿ, ಧನುರ್ಮಾಸದಲ್ಲಿ ಕರೆಂಟ್ ಬಿಲ್ ಕಟ್ಟಿದೀನಿ.' ಘಾಟನ್ನೇ ತುಂಬುವ ಆ ಧ್ವನಿ ಹಾಲಿನ ಆ ಮೂಲೆ ಮುಟ್ಟಲಿಲ್ಲ. 'ಆ ನಕ್ಷೆ ನಂಗೆ ಅರ್ಥ ಆಗ್ಲಿಲ್ಲ. ಯಾವ ಕಡೆ ಮೇಲೆ, ಯಾವ ಕಡೆ ಕೆಳಗೆ ಅಂತಾನೂ ಗೊತ್ತಾಗ್ಲಿಲ್ಲ. ಅಧ್ಯಕ್ಷ ಅಂತ ಅನ್ನಿಸ್ಕೊಂಡು ಈ ಮಗೂನ ಹೇಗೆ ಕೇಳೋದು? ಇವತ್ತು ಕೇಳೋಣ, ನಾಳೆ ಕೇಳೋಣ ಅಂತ ಒಂದೊಂದು ನೆಪ ಹೇಳ್ಕೊಂಡು ಬಂದೆ. ಸಂಕ್ರಾಂತಿಗೆ ನೆಪ ಎಲ್ಲಾ ಮುಗೀತು. ಎಲ್ಲಿ ಜಾಗ ಖಾಲಿ ಇತ್ತೋ ಅಲ್ಲಿ ರುಜು ಹಾಕಿದೆ.'

ಬಾಗಿಲ ಹಿಂದೆ ಅತ್ತೆಯ ಲೋಟಗಳ ಸದ್ದು ನಿಂತಿತು. ಠೇಕೇದಾರರು ತಿವಿಯಲಿಲ್ಲ. ನನಗೆ ಅಳು ಬಂದಿತ್ತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ.

ಖಜಾಂಚಿ ಅರ್ಜಿಯ ಜೊತೆಗಿದ್ದ ನಕ್ಷೆಯನ್ನು ಬಿಡಿಸಿ ನೋಡಿದರು. ಅವರ ಪಕ್ಕದ ಟ್ರಸ್ಟಿ ಅದನ್ನು ಇಸಿದುಕೊಂಡು ತಲೆಕೆಳಗು ಮಾಡಿದರು. ಅವರಿಂದ ಇನ್ನೊಬ್ಬರು ತೆಗೆದುಕೊಂಡು ಮೊದಲಿದ್ದ ಹಾಗೇ ಮಾಡಿದರು. ಹೀಗೆ ಅದು ಒಂದು ಸುತ್ತು ಹೋಗಿ ಖಜಾಂಚಿಯ ಕೈಗೇ ಬಂತು.

'ಸರಿ' ಅಂದರು ಖಜಾಂಚಿ, ಆ ಸಾಲಿನ ಮೇಲೆ ಗೀಟೆಳೆಯುತ್ತಾ. 'ಹಾಗಾದ್ರೆ ತಡ ನಮ್ಮ ಕಡೆಯಿಂದಾನೇ. ಕೇಳಿದಷ್ಟು ಸಮಯ, ಕೇಳಿದಷ್ಟು ವೆಚ್ಚ. ಛಠ್ ದಿನಗಳ ಕೂಲಿ ಅವರೇ ಬಿಟ್ಟಿದಾರೆ, ಅದೇ ದಿನಗಳ ಕಂಬದ ಬಾಡಿಗೇನೂ ಕಳೀತೀನಿ. ಒಪ್ಪಿಗೆನಾ?'

ಠೇಕೇದಾರರಿಗೆ ಹೇಳಿದೆ. ಅವರು ಎದ್ದು ನಿಂತು ಕೈ ಮುಗಿದರು, ಖಜಾಂಚಿಗಲ್ಲ, ಮಾವನಿಗೆ. ಕನ್ನಡ ಬರದಿದ್ದರೂ ಅಲ್ಲಿ ಯಾರು ಏನು ಕೊಟ್ಟರು ಅನ್ನುವುದು ಅವರಿಗೆ ತಿಳಿದಿತ್ತು.

ಇನ್ನೊಂದು ಠರಾವೂ ಆಯಿತು. ಇನ್ನು ಮುಂದೆ ನಕ್ಷೆಗಳು ಬೆಂಗಳೂರಿನ ಆರ್ಕಿಟೆಕ್ಟಿಗೆ ಹೋಗಬೇಕು, ಅವರು ನೋಡಿದ ಮೇಲೆ ಖಜಾಂಚಿ ಸಹಿ ಮಾಡುತ್ತಾರೆ. ಮಾವನ ಕಡೆ ನೋಡದೆಯೇ ಅದನ್ನು ಬರೆದುಕೊಂಡರು. ಮಾವನೂ ಬೇಡ ಅನ್ನಲಿಲ್ಲ. ಅಧ್ಯಕ್ಷಗಿರಿ ಉಳಿಯಿತು, ಆದರೆ ಆ ಗಲ್ಲಿಯಲ್ಲಿ ಅವರ ಮಾತಿಗೆ ಮೇಲೊಂದು ಮಾತು ಬಂದದ್ದು ಅದೇ ಮೊದಲು. ಸಂಜೆಯೊಳಗೆ ಆ ಸುದ್ದಿ ಹಾಲು ಹಾಕುವವನ ತನಕ ಹೋಗಿತ್ತು.

ಸಭೆ ಮುಗಿದು ಎಲ್ಲರೂ ಊಟಕ್ಕೆ ಎದ್ದರು. ಮಾವ ಮಾತ್ರ ಹೊರಗೆ ಬಂದು ಸಿಮೆಂಟು ಧೂಳು ತುಂಬಿದ ಜಗಲಿಯ ಮೇಲೆ ಕೂತರು. ನಾನೂ ಪಕ್ಕದಲ್ಲಿ ಕೂತೆ.

'ಘಾಟಿನಲ್ಲಿ ನಾನು ಹೇಳೋ ಮಂತ್ರ ಒಬ್ಬರಿಗೂ ಅರ್ಥ ಆಗಲ್ಲ' ಅಂದರು. 'ಆದ್ರೂ ಎಲ್ಲಾ ತಲೆ ಆಡಿಸ್ತಾರೆ. ಇಷ್ಟು ವರ್ಷದಲ್ಲಿ ಇದರ ಅರ್ಥ ಏನು ಅಂತ ಒಬ್ರೂ ಕೇಳಿಲ್ಲ. ಯಾಕೆ ಕೇಳಲ್ಲ ಅಂತ ನಂಗೀಗ ಗೊತ್ತಾಯ್ತು ನೋಡು.'

ಬೇಜಾರಾಯ್ತಾ ಮಾವ ಅಂದೆ.

'ಆಯ್ತು. ಆಗದೆ ಇರತ್ತಾ?' ಅಂದವರು ನನ್ನ ಕಡೆ ವಾಲಿದರು. 'ಇನ್ನು ಸಹಿ ನಂದಲ್ಲ ಅಲ್ವಾ? ಹಾಗಾದ್ರೆ ಈಗ ಕೇಳಬಹುದು. ಒಂದು ಗೀಟು, ಅದರ ಪಕ್ಕ ಅರ್ಧ ಬಿಚ್ಚಿದ ಹಾಗೆ ಒಂದು ಕಮಾನು. ಪ್ರತಿ ಬಚ್ಚಲಲ್ಲೂ ಇದೆ. ಅದೇನು?'

ಜಗಲಿಯ ಧೂಳಿನಲ್ಲಿ ಬೆರಳಿನಿಂದ ಬರೆದು ತೋರಿಸಿದೆ. 'ಬಾಗಿಲು ಮಾವ. ಗೀಟು ಬಾಗಿಲ ಹಲಗೆ, ಈ ಕಮಾನು ಅದು ತೆರೆಯೋ ದಾರಿ.'

ಅವರು ಅದನ್ನೇ ನೋಡಿದರು. ಬೆರಳಿಟ್ಟು ಕಮಾನಿನ ಗುಂಟ ನಿಧಾನವಾಗಿ ಎಳೆದರು, ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ.

'ಬಾಗಿಲಾ?' ಅಂದರು. 'ನಾನು ಬೀಸಣಿಗೆ ಅಂದ್ಕೊಂಡಿದ್ದೆ ಕಣಮ್ಮ. ಬಚ್ಚಲಿಗೊಂದೊಂದು ಬೀಸಣಿಗೆ ಯಾಕೆ ಇಡ್ತಿದಾಳೆ ಇವಳು, ಯಾತ್ರಿಕರಿಗೆ ಅಷ್ಟೊಂದು ಸೆಕೆ ಆಗತ್ತಾ ಅಂತ ನಾಲ್ಕು ತಿಂಗಳು ಯೋಚನೆ ಮಾಡಿದೀನಿ.'